ಗೂಟ ಮತ್ತು ರಂಧ್ರ: ತ್ರಿವಿಮ ಮುದ್ರಣದಲ್ಲಿ ಅಳತೆಯ ಹೊಂದಾಣಿಕೆ

ಮುಂಬಯಿಯ ಉಪನಗರಗಳ ಅನೇಕ ವಸತಿ ಸೊಸೈಟಿಗಳಿಗೆ ಪಾಲಿಕೆಯ ನೀರು ದಿನದ ಗೊತ್ತಾದ ಕೆಲವು ಗಂಟೆಗಳಲ್ಲಿ ಮಾತ್ರ ಬರುತ್ತದೆ. ಅದು ಮೊದಲು ನೆಲದಡಿಯ ತೊಟ್ಟಿಯಲ್ಲಿ ನಿಂತು, ಅನಂತರ ಪಂಪಿನ ಮೂಲಕ ಮಾಳಿಗೆಯ ತೊಟ್ಟಿಗೆ ಏರುತ್ತದೆ. ಮೇಲಿನ ತೊಟ್ಟಿ ತುಂಬಿತೇ, ಕೆಳಗಿನದು ಬರಿದಾಯಿತೇ ಎಂಬುದನ್ನು ದೀಪಗಳ ಮೂಲಕ ತೋರಿಸುವ ಸಣ್ಣ ಸಾಧನಗಳು ಇಂತಹ ಕಟ್ಟಡಗಳಲ್ಲಿ ಬಳಕೆಯಲ್ಲಿವೆ. ಅಂತಹ ಸಾಧನದ ಒಳಗಿನ ಸರ್ಕ್ಯೂಟ್ ಫಲಕವನ್ನು ಮುಚ್ಚಿಡಲು ಒಂದು ಪ್ಲಾಸ್ಟಿಕ್ ಪೆಟ್ಟಿಗೆ ಬೇಕು. ಸಾವಿರಗಟ್ಟಲೆ ಪೆಟ್ಟಿಗೆಗಳು ಬೇಕಾದಲ್ಲಿ ಉಕ್ಕಿನ ಅಚ್ಚನ್ನು ಮಾಡಿಸಿ ಪ್ಲಾಸ್ಟಿಕನ್ನು ಅದರೊಳಗೆ ಒತ್ತಿ ತುಂಬಿಸುವುದು ಲಾಭಕರ. ಆದರೆ ಇಪ್ಪತ್ತೋ ಮೂವತ್ತೋ ಪೆಟ್ಟಿಗೆಗಳಿಗಾಗಿ ಯಾರೂ ಅಚ್ಚಿನ ವೆಚ್ಚವನ್ನು ಹೊರಲಾರರು. ಆದುದರಿಂದ ಸಾಕಿನಾಕಾ, ಅಂಧೇರಿಗಳ ಕೈಗಾರಿಕಾ ಗಾಲಾಗಳಲ್ಲಿ ಇಂತಹ ಕೆಲಸಕ್ಕೆ ತ್ರಿವಿಮ ಮುದ್ರಕವನ್ನು ಆಶ್ರಯಿಸುವುದು ಈಗ ಸಾಮಾನ್ಯವಾಗಿದೆ.

ಈ ಪೆಟ್ಟಿಗೆಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಅದರ ಉದ್ದ 120 ಮಿ.ಮೀ., ಅಗಲ 80 ಮಿ.ಮೀ. ಮುಚ್ಚಳದ ಅಡಿಯಲ್ಲಿ 6 ಮಿ.ಮೀ. ವ್ಯಾಸದ ಗೂಟಗಳಿವೆ, ಪೆಟ್ಟಿಗೆಯ ಮೂಲೆಗಳಲ್ಲಿ ಅವು ಇಳಿಯಬೇಕಾದ ರಂಧ್ರಗಳಿವೆ. ಪೆಟ್ಟಿಗೆಯ ತಳದಲ್ಲಿ 3 ಮಿ.ಮೀ. ದಪ್ಪದ ಇನ್ನೂ ನಾಲ್ಕು ಗೂಟಗಳಿದ್ದು, ಸರ್ಕ್ಯೂಟ್ ಫಲಕದಲ್ಲಿ ಮೊದಲೇ ಕೊರೆದಿರುವ 3.2 ಮಿ.ಮೀ. ರಂಧ್ರಗಳು ಅವುಗಳ ಮೇಲೆ ಕೂರಬೇಕು. ಫಲಕದ ಎರಡು ರಂಧ್ರಗಳ ನಡುವಿನ ದೂರ ಉದ್ದದಲ್ಲಿ 100 ಮಿ.ಮೀ. ಪಂಪಿನ ಕೋಣೆಯ ಸೆಕೆಯನ್ನು ಗಮನದಲ್ಲಿಟ್ಟು ಎ.ಬಿ.ಎಸ್. ಎಂಬ ಪ್ಲಾಸ್ಟಿಕನ್ನು ಆರಿಸಲಾಗಿದೆ. (ಇಲ್ಲಿ ಹೇಳುತ್ತಿರುವುದು ಕಡಿಮೆ ವೋಲ್ಟೇಜಿನ ಸಂಕೇತ ಫಲಕದ ಪೆಟ್ಟಿಗೆಯನ್ನು ಕುರಿತು. ಪಂಪಿನ ಸ್ಟಾರ್ಟರಿಗೆ ಮುದ್ರಿತ ಪೆಟ್ಟಿಗೆಯನ್ನು ಬಳಸುವುದು ತರವಲ್ಲ; ಸಾಮಾನ್ಯ ಎ.ಬಿ.ಎಸ್. ಬೆಂಕಿಗೆ ಬೇಗ ಉರಿಯುವ ವಸ್ತು.)

ನಕ್ಷೆಯಲ್ಲಿ ಗೂಟಕ್ಕೂ 6, ರಂಧ್ರಕ್ಕೂ 6 ಎಂದು ಬರೆದು ಮುದ್ರಿಸಿದರೆ ಎರಡು ತೊಂದರೆಗಳು ಒಟ್ಟಿಗೆ ಎದುರಾಗುತ್ತವೆ. ಮುಚ್ಚಳದ ಗೂಟಗಳು ರಂಧ್ರದೊಳಗೆ ಇಳಿಯುವುದಿಲ್ಲ. ಸರ್ಕ್ಯೂಟ್ ಫಲಕವಾದರೋ ಒಂದು ಬದಿಯ ಗೂಟಗಳ ಮೇಲೆ ಸರಾಗವಾಗಿ ಕೂರುತ್ತದೆ, ಇನ್ನೊಂದು ಬದಿಯಲ್ಲಿ ರಂಧ್ರವು ಗೂಟದಿಂದ ತುಸು ಆಚೆಗೆ ನಿಲ್ಲುತ್ತದೆ. ನೋಡುವವರಿಗೆ ಎರಡೂ ಒಂದೇ ಬಗೆಯ ದೋಷವೆಂದು ತೋರುತ್ತವೆ. ವಸ್ತುವು ಕುಗ್ಗಿದೆ, ಆದ್ದರಿಂದ ಎಲ್ಲವನ್ನೂ ತುಸು ದೊಡ್ಡದಾಗಿ ಮುದ್ರಿಸಿದರೆ ಸರಿಹೋದೀತು ಎಂಬ ತೀರ್ಮಾನಕ್ಕೆ ಬರುವುದು ಸಹಜ. ಹೊಸಬರು ವಾರಗಟ್ಟಲೆ ಪ್ಲಾಸ್ಟಿಕ್ ಹಾಳುಮಾಡುವುದು ಇಲ್ಲಿಯೇ. ಇವು ಎರಡು ಬೇರೆ ಬೇರೆ ದೋಷಗಳು. ಇವುಗಳ ಕಾರಣ ಬೇರೆ, ಪರಿಹಾರವೂ ಬೇರೆ. ಒಂದು ದೋಷವು ಉದ್ದದೊಂದಿಗೆ ಬೆಳೆಯುತ್ತದೆ. ಇನ್ನೊಂದು ರಂಧ್ರವು ಚಿಕ್ಕದಿರಲಿ ದೊಡ್ಡದಿರಲಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಉದ್ದದೊಂದಿಗೆ ಬೆಳೆಯುವ ದೋಷ

ಇಲ್ಲಿ ಹೇಳುತ್ತಿರುವ ಮುದ್ರಕವು ಪ್ಲಾಸ್ಟಿಕ್ ತಂತುವನ್ನು ಕಾಯಿಸಿ ಕರಗಿಸಿ, ಸಾಮಾನ್ಯವಾಗಿ 0.4 ಮಿ.ಮೀ. ತೂತಿನ ನಳಿಕೆಯ ಮೂಲಕ ಹೊರಡಿಸಿ, ಗೆರೆಯ ಮೇಲೆ ಗೆರೆಯಂತೆ ಪದರಗಳನ್ನು ಕಟ್ಟುತ್ತದೆ. ಎ.ಬಿ.ಎಸ್. ನಳಿಕೆಯಿಂದ ಹೊರಬರುವಾಗ ಸುಮಾರು 240 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿರುತ್ತದೆ. ತಣಿಯುವ ವಸ್ತು ಕುಗ್ಗುತ್ತದೆ ಎಂಬುದನ್ನು ಬಲ್ಲೆವು. ಆದರೆ 240ರಿಂದ ಲೆಕ್ಕ ಹಿಡಿಯಬೇಕಾಗಿಲ್ಲ. ಪ್ಲಾಸ್ಟಿಕ್ ಇನ್ನೂ ಮೆತ್ತಗಿರುವಾಗ ಆಗುವ ಕುಗ್ಗುವಿಕೆಯ ಬಹುಭಾಗವನ್ನು ಹರಿದು ಬರುವ ವಸ್ತುವೇ ತುಂಬಿಕೊಳ್ಳುತ್ತದೆ. ಎ.ಬಿ.ಎಸ್. ಸುಮಾರು 105 ಡಿಗ್ರಿಯಲ್ಲಿ ಗಡುಸಾಗುತ್ತದೆ. ಅಲ್ಲಿಂದ ಕೋಣೆಯ ಉಷ್ಣತೆಯಾದ 30 ಡಿಗ್ರಿಗೆ ಇಳಿಯುವಾಗ ಆಗುವ ಕುಗ್ಗುವಿಕೆ ತುಂಡಿನಲ್ಲಿ ಹಾಗೆಯೇ ಉಳಿಯುತ್ತದೆ. ಪ್ರತಿ ಡಿಗ್ರಿಗೆ ಈ ಪ್ಲಾಸ್ಟಿಕ್ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 90 ಭಾಗದಷ್ಟು ಕುಗ್ಗುತ್ತದೆ. ಇಳಿದ ಉಷ್ಣತೆ 75 ಡಿಗ್ರಿ. ಎರಡನ್ನೂ ಗುಣಿಸಿದರೆ ಶೇಕಡಾ 0.7ಕ್ಕೆ ಸಮೀಪದ ಅಂಕಿ ದೊರೆಯುತ್ತದೆ. ಗಾಲಾಗಳಲ್ಲಿ ಅಳೆದಾಗ ಕಾಣುವುದೂ ಹೆಚ್ಚುಕಡಿಮೆ ಇಷ್ಟೇ. ಪಿ.ಎಲ್.ಎ. ಎಂಬ ಇನ್ನೊಂದು ಪ್ಲಾಸ್ಟಿಕ್ 60 ಡಿಗ್ರಿಯ ಸುಮಾರಿಗೆ ಗಡುಸಾಗುವುದರಿಂದ ಅಲ್ಲಿಂದ ಮುಂದೆ ಇಳಿಯಬೇಕಾದ ದೂರ ಕಡಿಮೆ. ಅದರ ಕುಗ್ಗುವಿಕೆ ಶೇಕಡಾ 0.2ರಿಂದ 0.3ರಷ್ಟಿರುತ್ತದೆ.

ಶೇಕಡಾ 0.7 ಎಂದರೆ 100 ಮಿ.ಮೀ. ಉದ್ದದಲ್ಲಿ 0.7 ಮಿ.ಮೀ. ನಮ್ಮ ಪೆಟ್ಟಿಗೆಯ ತಳದ ಗೂಟಗಳ ನಡುವಿನ ದೂರ 99.3 ಆಗಿರುತ್ತದೆ, ಫಲಕದ ರಂಧ್ರಗಳ ದೂರವಾದರೋ 100 ಆಗಿಯೇ ಇರುತ್ತದೆ. 3.2ರ ರಂಧ್ರದಲ್ಲಿ 3ರ ಗೂಟಕ್ಕೆ ದೊರೆಯುವ ತೆರಪು 0.2 ಮಾತ್ರ, 0.7ರ ಕೊರತೆಯನ್ನು ಅದು ತುಂಬಲಾರದು. ಆದರೆ ಮುಚ್ಚಳದ ವಿಷಯ ಹಾಗಲ್ಲ. ಮುಚ್ಚಳ, ಪೆಟ್ಟಿಗೆ ಎರಡನ್ನೂ ಒಂದೇ ಪ್ಲಾಸ್ಟಿಕಿನಿಂದ ಒಂದೇ ಯಂತ್ರದಲ್ಲಿ ಮುದ್ರಿಸಿದ್ದರೆ ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗಿರುತ್ತವೆ. ಆದ್ದರಿಂದ ಅವುಗಳ ಗೂಟ, ರಂಧ್ರಗಳ ನಡುವಣ ದೂರ ಪರಸ್ಪರ ಹೊಂದಿಕೊಂಡೇ ಇರುತ್ತದೆ. ಕುಗ್ಗುವಿಕೆ ತೊಂದರೆ ಕೊಡುವುದು ಮುದ್ರಿತ ತುಂಡು ಲೋಹದ ಫಲಕ, ಗೋಡೆಯ ತಿರುಪು, ಅಂಗಡಿಯಲ್ಲಿ ಕೊಂಡ ಬೇರಿಂಗ್ ಮುಂತಾದ ಹೊರಗಿನ ವಸ್ತುವನ್ನು ಸೇರಬೇಕಾದಾಗ. ಮುಚ್ಚಳ ಹತ್ತದಿರುವುದಕ್ಕೆ ಕುಗ್ಗುವಿಕೆಯನ್ನು ದೂರುವವರು ಈ ಒಂದು ಮಾತನ್ನು ಗಮನಿಸಿದರೆ ಅರ್ಧ ಶ್ರಮ ಉಳಿಯುತ್ತದೆ.

ಎರಕದ ಕೆಲಸದವರಿಗೆ ಇದು ಹೊಸದೇನೂ ಅಲ್ಲ. ಬೀಡುಕಬ್ಬಿಣ ತಣಿಯುವಾಗ ಸುಮಾರು ಶೇಕಡಾ 1ರಷ್ಟು ಕುಗ್ಗುವುದರಿಂದ ಮರದ ಮಾದರಿಯನ್ನು ಮಾಡುವವರು ಅಷ್ಟು ಹಿಗ್ಗಿಸಿ ಗೆರೆ ಹಾಕಿದ ಬೇರೆಯೇ ಅಳತೆಪಟ್ಟಿಯನ್ನು ಬಳಸುತ್ತ ಬಂದಿದ್ದಾರೆ. ಅಂಧೇರಿಯ ಸೀಪ್ಜ್ ವಲಯದಲ್ಲಿ ಮೇಣದ ಮಾದರಿಯನ್ನು ಮುದ್ರಿಸಿ ಚಿನ್ನದ ಒಡವೆಯನ್ನು ಎರಕ ಹೊಯ್ಯುವಲ್ಲಿಯೂ ಈ ಲೆಕ್ಕವನ್ನು ಹಿಡಿದೇ ಹರಳಿನ ಮನೆಯ ಅಳತೆಯನ್ನು ಇಡಬೇಕಾಗುತ್ತದೆ.

ರಂಧ್ರ ಕಿರಿದಾಗುವುದೇಕೆ?

ಇನ್ನು ಎರಡನೆಯ ದೋಷ. 6 ಮಿ.ಮೀ. ಎಂದು ಬರೆದ ರಂಧ್ರ ಮುದ್ರಣವಾದ ಮೇಲೆ 5.7ರ ಸುಮಾರಿಗೆ ಇರುತ್ತದೆ. ಶೇಕಡಾ 0.7ರ ಕುಗ್ಗುವಿಕೆಯಿಂದ 6 ಮಿ.ಮೀ.ಗೆ ಆಗುವ ಕೊರತೆ ಕೇವಲ 0.04. ಉಳಿದದ್ದು ಎಲ್ಲಿ ಹೋಯಿತು?

ನಳಿಕೆಯು ರಂಧ್ರದ ಸುತ್ತ ವೃತ್ತಾಕಾರವಾಗಿ ಸುತ್ತುತ್ತ ಪ್ಲಾಸ್ಟಿಕಿನ ಗೆರೆಯನ್ನು ಹಾಸುತ್ತದೆ. ಗೆರೆಯ ಹೊರ ಅಂಚು ಕ್ರಮಿಸಬೇಕಾದ ಸುತ್ತಳತೆ ಹೆಚ್ಚು, ಒಳ ಅಂಚಿನದು ಕಡಿಮೆ. ಆದರೆ ಪ್ಲಾಸ್ಟಿಕ್ ಎರಡು ಬದಿಗೂ ಸಮನಾಗಿಯೇ ಬೀಳುತ್ತದೆ. ಹೀಗಾಗಿ ಒಳಬದಿಯಲ್ಲಿ ವಸ್ತು ಹೆಚ್ಚಾಗಿ, ಅದು ರಂಧ್ರದೊಳಕ್ಕೆ ಉಬ್ಬುತ್ತದೆ. ಇದರೊಂದಿಗೆ, ಇನ್ನೂ ಮೆತ್ತಗಿರುವ ಗೆರೆಯನ್ನು ಮುಂದಕ್ಕೆ ಸಾಗುವ ನಳಿಕೆಯು ಎಳೆಯುತ್ತಿರುತ್ತದೆ. ಸುತ್ತಿದ ಹಗ್ಗವನ್ನು ಬಿಗಿದಾಗ ಸುರುಳಿ ಕಿರಿದಾಗುವಂತೆ, ಈ ಗೆರೆಯ ಸುರುಳಿಯೂ ಒಳಕ್ಕೆ ಸರಿಯುತ್ತದೆ. ಪ್ರತಿ ಪದರದಲ್ಲಿ ಗೆರೆ ಆರಂಭವಾಗಿ ಮುಗಿಯುವ ಕಡೆ ಒಂದು ಸಣ್ಣ ಗಂಟು ಉಳಿಯುತ್ತದೆ. ಪದರದ ಮೇಲೆ ಪದರ ಬಂದಂತೆ ಅದು ಮೇಲಿನಿಂದ ಕೆಳಗಿನವರೆಗೆ ಒಂದು ಕೂಡುಗೆರೆಯಾಗಿ ಕಾಣುತ್ತದೆ. ಈ ಮೂರೂ ಗೆರೆಯ ದಪ್ಪವನ್ನು ಅವಲಂಬಿಸಿವೆ, ರಂಧ್ರದ ವ್ಯಾಸವನ್ನು ಹೆಚ್ಚಾಗಿ ಅಲ್ಲ. ಆದ್ದರಿಂದಲೇ 6 ಮಿ.ಮೀ. ರಂಧ್ರದಲ್ಲಿ ಕಂಡ ಕೊರತೆ 10 ಮಿ.ಮೀ. ರಂಧ್ರದಲ್ಲಿಯೂ ಬಹುತೇಕ ಅಷ್ಟೇ ಇರುತ್ತದೆ. ತೀರ ಸಣ್ಣ ರಂಧ್ರಗಳಲ್ಲಿ ಮಾತ್ರ ತುಸು ಹೆಚ್ಚುತ್ತದೆ.

ನಾಲ್ಕನೆಯ ಕಾರಣವೊಂದಿದೆ. ಅದು ಯಂತ್ರದಲ್ಲಿಲ್ಲ, ನಕ್ಷೆಯಲ್ಲಿದೆ. ಮುದ್ರಣಕ್ಕೆ ಕಳುಹಿಸುವ ಕಡತದಲ್ಲಿ ಸಾಮಾನ್ಯವಾಗಿ ವೃತ್ತವೆಂಬುದೇ ಇರುವುದಿಲ್ಲ. ಇರುವುದು ಅನೇಕ ಚಿಕ್ಕ ನೇರ ಬದಿಗಳ ಬಹುಭುಜ. ಬಹುಭುಜದ ಮೂಲೆಗಳು ಮಾತ್ರ ನಿಜವಾದ ವೃತ್ತದ ಮೇಲಿದ್ದು, ಬದಿಗಳು ಅದರ ಒಳಗಿರುತ್ತವೆ. ಉಚಿತವಾಗಿ ದೊರೆಯುವ OpenSCAD ತಂತ್ರಾಂಶದಲ್ಲಿ ಬೇರೇನೂ ಸೂಚಿಸದೆ 6 ಮಿ.ಮೀ. ರಂಧ್ರವನ್ನು ಬರೆದರೆ ಅದು ಹತ್ತು ಬದಿಗಳ ಆಕೃತಿಯಾಗುತ್ತದೆ. ಎದುರುಬದುರು ಬದಿಗಳ ನಡುವಿನ ದೂರ 5.7 ಮಾತ್ರ, ಮುದ್ರಕ ಎಷ್ಟೇ ನಿಖರವಾಗಿದ್ದರೂ 6ರ ಗೂಟ ಅದರಲ್ಲಿ ಇಳಿಯದು. ಬದಿಗಳ ಸಂಖ್ಯೆಯನ್ನು 64 ಎಂದು ಹೇಳಿಬಿಟ್ಟರೆ ಈ ಕೊರತೆ 0.01ಕ್ಕಿಂತ ಕಡಿಮೆಯಾಗುತ್ತದೆ:

```
cylinder(d = 6, h = 12, $fn = 64);
```

ಗೂಟದ ಪರಿಸ್ಥಿತಿ ಭಿನ್ನ. ಗೆರೆಯ ಎಳೆತವು ಅದನ್ನು ತೆಳುವಾಗಿಸಲು ನೋಡಿದರೆ, ಕೂಡುಗೆರೆಯೂ ಹೆಚ್ಚುವರಿ ಪ್ಲಾಸ್ಟಿಕೂ ಅದನ್ನು ದಪ್ಪವಾಗಿಸುತ್ತವೆ. ಹೆಚ್ಚಿನ ಯಂತ್ರಗಳಲ್ಲಿ ಗೂಟವು ಬರೆದ ಅಳತೆಗಿಂತ ಕೂದಲೆಳೆಯಷ್ಟು ದಪ್ಪವಾಗಿ ಬರುತ್ತದೆ.

ಎರಡನ್ನೂ ಬೇರ್ಪಡಿಸಿ ಅಳೆಯುವ ಬಗೆ

ಇದಕ್ಕಾಗಿ ಒಂದು ಸಣ್ಣ ಪರೀಕ್ಷಾಪಟ್ಟಿಯನ್ನು ಮುದ್ರಿಸಿಕೊಳ್ಳಬೇಕು. ಪಟ್ಟಿಯ ಮೇಲೆ 10 ಮಿ.ಮೀ. ವ್ಯಾಸದ ಎರಡು ಕಂಬಗಳು, ಅವುಗಳ ಕೇಂದ್ರಗಳ ನಡುವೆ 100 ಮಿ.ಮೀ. ದೂರ. ಪಕ್ಕದಲ್ಲಿ 6 ಮತ್ತು 10 ಮಿ.ಮೀ. ಎಂದು ಬರೆದ ಎರಡು ರಂಧ್ರಗಳಿದ್ದರೆ ಸಾಕು. ಮುದ್ರಿಸಿದ ಮೇಲೆ ಪೂರ್ತಿ ತಣಿಯಲು ಬಿಡಬೇಕು. ಬಿಸಿ ಹಾಸಿನಿಂದ ಆಗತಾನೇ ಎಬ್ಬಿಸಿದ ತುಂಡನ್ನು ಅಳೆದರೆ ಸುಳ್ಳು ಅಂಕಿ ಬರುತ್ತದೆ.

ವರ್ನಿಯರ್ ಕ್ಯಾಲಿಪರಿನಿಂದ ಎರಡು ಕಂಬಗಳ ಹೊರಬದಿಯಿಂದ ಹೊರಬದಿಗೆ ಒಮ್ಮೆ, ಒಳಬದಿಯಿಂದ ಒಳಬದಿಗೆ ಒಮ್ಮೆ ಅಳೆಯಬೇಕು. ಹೊರ ಅಳತೆ 109.34, ಒಳ ಅಳತೆ 89.26 ಬಂದಿತೆಂದು ಇಟ್ಟುಕೊಳ್ಳೋಣ. ಹೊರ ಅಳತೆಯಲ್ಲಿ ಕೇಂದ್ರಗಳ ದೂರದೊಂದಿಗೆ ಒಂದು ಕಂಬದ ವ್ಯಾಸ ಕೂಡಿದೆ. ಒಳ ಅಳತೆಯಲ್ಲಿ ಅದೇ ವ್ಯಾಸ ಕಳೆದಿದೆ. ಆದ್ದರಿಂದ ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ವ್ಯಾಸವು ಮಾಯವಾಗಿ ಕೇಂದ್ರಗಳ ದೂರ ಮಾತ್ರ ಉಳಿಯುತ್ತದೆ: 99.30. ಒಂದರಿಂದ ಇನ್ನೊಂದನ್ನು ಕಳೆದು ಅರ್ಧ ಮಾಡಿದರೆ ಕಂಬದ ವ್ಯಾಸ ಸಿಗುತ್ತದೆ: 10.04. ಹೀಗೆ ಎರಡು ದೋಷಗಳು ತಾವಾಗಿಯೇ ಬೇರೆಯಾದವು. ಕುಗ್ಗುವಿಕೆ 100ಕ್ಕೆ 0.70. ಆ ಕುಗ್ಗುವಿಕೆಯಿಂದ ಕಂಬವು 9.93 ಆಗಬೇಕಿತ್ತು, 10.04 ಇರುವುದರಿಂದ ಈ ಯಂತ್ರವು ಗೂಟಗಳನ್ನು 0.11ರಷ್ಟು ದಪ್ಪವಾಗಿಸುತ್ತದೆ ಎಂದು ತಿಳಿಯಿತು.

ಸಣ್ಣ ರಂಧ್ರವನ್ನು ಕ್ಯಾಲಿಪರಿನ ಒಳಮೊನೆಗಳಿಂದ ಅಳೆಯುವುದು ಒಳ್ಳೆಯದಲ್ಲ. ಮೊನೆಗಳು ಚಪ್ಪಟೆಯಾಗಿರುವುದರಿಂದ ದುಂಡನೆಯ ಗೋಡೆಗೆ ಸರಿಯಾಗಿ ತಾಗದೆ, ಇರುವುದಕ್ಕಿಂತ ಕಡಿಮೆ ತೋರಿಸುತ್ತವೆ. ಮುಂಬಯಿಯ ನಾಗದೇವಿ ಬೀದಿಯಂತಹ ಉಪಕರಣಗಳ ಪೇಟೆಯಲ್ಲಿ 0.1 ಮಿ.ಮೀ. ಅಂತರದ ಡ್ರಿಲ್ ಬಿಟ್ಟುಗಳು ದೊರೆಯುತ್ತವೆ. ಅವುಗಳ ನುಣುಪಾದ ಹಿಡಿಯ ಭಾಗವನ್ನು ಮೊದಲು ಕ್ಯಾಲಿಪರಿನಿಂದ ಅಳೆದುಕೊಂಡು, ಒಂದೊಂದಾಗಿ ರಂಧ್ರಕ್ಕೆ ಹಾಕಿ ನೋಡಬೇಕು. 5.7 ಇಳಿದು 5.8 ನಿಂತುಹೋದರೆ ರಂಧ್ರದ ನಿಜವಾದ ಅಳತೆ 5.7 ಎಂದು ಹಿಡಿಯಬಹುದು.

ಈಗ ಮೊದಲು ಹೇಳಿದ ತಪ್ಪು ಪರಿಹಾರವನ್ನು ಪರೀಕ್ಷಿಸೋಣ. ಇಡೀ ತುಂಡನ್ನು ಶೇಕಡಾ 100.7ಕ್ಕೆ ಹಿಗ್ಗಿಸಿ ಮುದ್ರಿಸಿದರೆ ಫಲಕದ ಗೂಟಗಳ ದೂರ 100ಕ್ಕೆ ಬಂದು ನಿಲ್ಲುತ್ತದೆ. ಇದು ಸರಿಯಾದ ಕ್ರಮವೇ. ಆದರೆ ರಂಧ್ರವು 5.70ರಿಂದ 5.74ಕ್ಕೆ ಮಾತ್ರ ಏರುತ್ತದೆ. ಹಿಗ್ಗಿಸಿಯೇ ರಂಧ್ರವನ್ನು 6ಕ್ಕೆ ತರಬೇಕೆಂದರೆ ಶೇಕಡಾ 105ರಷ್ಟು ಹಿಗ್ಗಿಸಬೇಕು, ಆಗ 100 ಮಿ.ಮೀ. ದೂರವು 104ನ್ನು ಮೀರುತ್ತದೆ. ಅದರೊಂದಿಗೆ ಗೂಟವೂ ದಪ್ಪವಾಗಿ ಮೊದಲಿನಂತೆಯೇ ಸಿಕ್ಕಿಕೊಳ್ಳುತ್ತದೆ. ಕುಗ್ಗುವಿಕೆಗೆ ಶೇಕಡಾವಾರು ಹಿಗ್ಗಿಸುವುದು, ರಂಧ್ರಕ್ಕೆ ಮಿಲಿಮೀಟರಿನಲ್ಲಿ ಕೂಡಿಸುವುದು — ಎರಡನ್ನೂ ಪ್ರತ್ಯೇಕವಾಗಿಯೇ ಮಾಡಬೇಕು. ಈ ಕೂಡಿಕೆಯನ್ನು ನಕ್ಷೆಯಲ್ಲಿಯೇ ಮಾಡಬಹುದು, ಅಥವಾ ಪದರಗಳನ್ನು ಲೆಕ್ಕಹಾಕುವ Cura ತಂತ್ರಾಂಶದಲ್ಲಿ Hole Horizontal Expansion ಎಂಬಲ್ಲಿ ಬರೆಯಬಹುದು. ಎರಡೂ ಕಡೆ ಬರೆದರೆ ದೋಷ ಎರಡು ಸಲ ತಿದ್ದಿದಂತಾಗಿ ಗೂಟ ಅಲುಗಾಡುತ್ತದೆ.

ತೆರಪು ಎಷ್ಟಿರಬೇಕು?

ಫಿಟ್ಟರ್ ವೃತ್ತಿಯನ್ನು ಕಲಿತವರು ಭಾರತೀಯ ಮಾನಕ ಬ್ಯೂರೋದ ಐ.ಎಸ್. 919 ಮಾನಕವನ್ನು ಬಲ್ಲರು. ರಂಧ್ರಕ್ಕೂ ದಂಡಕ್ಕೂ ಅನುಮತಿಸಬಹುದಾದ ವ್ಯತ್ಯಾಸ, ಅಂದರೆ ಟಾಲರೆನ್ಸ್, ಎಷ್ಟೆಂದು ಅದು ಹೇಳುತ್ತದೆ. ಅದರ ಎಚ್7 ದರ್ಜೆಯಲ್ಲಿ 6 ಮಿ.ಮೀ. ರಂಧ್ರವು 6.000ರಿಂದ 6.012ರೊಳಗೆ ಇರಬೇಕು. ಇಲ್ಲಿ ಹೇಳಿದ ಬಗೆಯ ಮುದ್ರಕದಿಂದ ಇದನ್ನು ನಿರೀಕ್ಷಿಸುವುದು ವ್ಯರ್ಥ. ಒಂದೇ ಗೂಟವನ್ನು ಐದು ಸಲ ಮುದ್ರಿಸಿ ಅಳೆದರೆ 6.06ರಿಂದ 6.14ರವರೆಗೆ ಅಂಕಿಗಳು ಬಂದಾವು. ಸರಾಸರಿಯು 6.10 ಇರುವುದನ್ನು ನಕ್ಷೆಯಲ್ಲಿ ತಿದ್ದಬಹುದು. ಆದರೆ 0.08ರ ಚದರಿಕೆಯನ್ನು ಯಾವ ತಿದ್ದುಪಡಿಯೂ ಹೋಗಲಾಡಿಸದು. ಅದನ್ನು ತೆರಪು ನುಂಗಿಕೊಳ್ಳಬೇಕು. ಒಂದೇ ಒಂದು ತುಂಡನ್ನು ಅಳೆದು ತೆರಪನ್ನು ನಿರ್ಧರಿಸಿದವರ ಹತ್ತು ಮುಚ್ಚಳಗಳಲ್ಲಿ ಎರಡೋ ಮೂರೋ ಕೂರದೆ ಉಳಿಯುವುದು ಇದರಿಂದಲೇ.

ಕೈಯಿಂದ ಒತ್ತಿದರೆ ಇಳಿದು, ಎತ್ತಿದರೆ ಬರುವಂತಹ ಮುಚ್ಚಳಕ್ಕೆ ವ್ಯಾಸದಲ್ಲಿ 0.2 ಮಿ.ಮೀ. ತೆರಪು ಸಾಮಾನ್ಯವಾಗಿ ಸಾಕಾಗುತ್ತದೆ. ಸರಾಗವಾಗಿ ತಿರುಗಬೇಕಾದ ಕೀಲಿಗೆ 0.3ರಿಂದ 0.4 ಬೇಕು. ನಮ್ಮ ಪೆಟ್ಟಿಗೆಯ ಲೆಕ್ಕ ಹೀಗೆ: ಹಿಗ್ಗಿಸಿ ಮುದ್ರಿಸಿದ ಗೂಟದ ನಿಜವಾದ ವ್ಯಾಸ 6.1, ಅದಕ್ಕೆ ತೆರಪು 0.2 ಕೂಡಿದರೆ ರಂಧ್ರ ನಿಜವಾಗಿ 6.3 ಇರಬೇಕು, ರಂಧ್ರದ ಕೊರತೆ 0.26 ಇರುವುದರಿಂದ ನಕ್ಷೆಯಲ್ಲಿ 6.6 ಎಂದು ಬರೆಯಬೇಕು. 6ರ ಗೂಟಕ್ಕೆ 6.6ರ ರಂಧ್ರವೇ ಎಂದು ಕಾಗದದ ಮೇಲೆ ನೋಡಿದವರು ಬೆರಗಾಗಬಹುದು, ಕೈಗೆ ಬಂದ ತುಂಡಿನಲ್ಲಿ ಅದು ಸರಿಯಾಗಿಯೇ ಕೂರುತ್ತದೆ. ತೆರಪನ್ನು ಗೂಟವನ್ನು ಸಣ್ಣದಾಗಿಸಿ ಪಡೆಯುವುದಕ್ಕಿಂತ ರಂಧ್ರವನ್ನು ದೊಡ್ಡದಾಗಿಸಿ ಪಡೆಯುವುದು ಮೇಲು. ನಿಂತಂತೆ ಮುದ್ರಿಸಿದ ಗೂಟವು ಪದರಗಳ ನಡುವೆ ಸುಲಭವಾಗಿ ಮುರಿಯುತ್ತದೆ. ಅದರ ದಪ್ಪವನ್ನು ಇನ್ನೂ ಕಡಿಮೆ ಮಾಡಬಾರದು.

ನಾಲ್ಕು ಗೂಟಗಳೂ ಏಕಕಾಲಕ್ಕೆ ಇಳಿಯಬೇಕಾದಲ್ಲಿ ಇನ್ನೊಂದು ಉಪಾಯವಿದೆ. ನಾಲ್ಕನ್ನೂ ಬಿಗಿಯಾಗಿ ಇಡುವುದು ಬೇಡ. ಒಂದು ರಂಧ್ರ ಮಾತ್ರ ದುಂಡಾಗಿ ಗೂಟಕ್ಕೆ ಸರಿಹೊಂದಿರಲಿ. ಉದ್ದಕ್ಕೆ ಅದರ ಎದುರಿನ ರಂಧ್ರವು ಆ ಎರಡನ್ನೂ ಸೇರಿಸುವ ಗೆರೆಯ ದಿಕ್ಕಿನಲ್ಲಿ ಒಂದು ಮಿ.ಮೀ. ಉದ್ದನಾಗಿರಲಿ, ಉಳಿದೆರಡು ಧಾರಾಳವಾಗಿ ಸಡಿಲವಿರಲಿ. ಮೊದಲನೆಯದು ಮುಚ್ಚಳದ ಸ್ಥಾನವನ್ನು ಹಿಡಿಯುತ್ತದೆ, ಎರಡನೆಯದು ಅದು ತಿರುಗದಂತೆ ತಡೆಯುತ್ತದೆ, ದೂರದಲ್ಲಿ ಉಳಿದ ದೋಷಕ್ಕೂ ಎಡೆ ಕೊಡುತ್ತದೆ.

2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಹರಡಿದಾಗ ಚೆಕ್ ದೇಶದ ಪ್ರುಸಾ ಸಂಸ್ಥೆಯು ಮುಖರಕ್ಷಕ ಕವಚದ ನಕ್ಷೆಯೊಂದನ್ನು ಎಲ್ಲರಿಗೂ ಮುಕ್ತವಾಗಿ ನೀಡಿತು. ಹಣೆಪಟ್ಟಿಯನ್ನು ಮುದ್ರಿಸಿ, ಅದರ ನಾಲ್ಕು ಸಣ್ಣ ಗೂಟಗಳಿಗೆ ಪಾರದರ್ಶಕ ಹಾಳೆಯ ರಂಧ್ರಗಳನ್ನು ಸಿಕ್ಕಿಸುವ ರಚನೆ ಅದು. ಮುಂಬಯಿಯೂ ಸೇರಿದಂತೆ ಹಲವು ನಗರಗಳಲ್ಲಿ ಮುದ್ರಕವುಳ್ಳವರು ಆ ದಿನಗಳಲ್ಲಿ ಇಂತಹ ಹಣೆಪಟ್ಟಿಗಳನ್ನು ಮುದ್ರಿಸಿ ಆಸ್ಪತ್ರೆಗಳಿಗೆ ಒದಗಿಸಿದರು. ಒಂದು ಯಂತ್ರದ ಪಟ್ಟಿಗೆ ಬೇರೊಂದು ಕಡೆ ಕತ್ತರಿಸಿದ ಹಾಳೆ ಹೊಂದಬೇಕಿತ್ತು. ಬಾಗುವ ಹಾಳೆಯು ಗೂಟಗಳ ನಡುವಿನ ಅಲ್ಪಸ್ವಲ್ಪ ವ್ಯತ್ಯಾಸವನ್ನು ತಾನೇ ಸಹಿಸಿಕೊಳ್ಳುತ್ತದೆ. ಗಡುಸಾದ ಮುಚ್ಚಳಕ್ಕೆ ಆ ಗುಣವಿಲ್ಲದ ಕಾರಣ ಅದನ್ನು ಉದ್ದನೆಯ ರಂಧ್ರದ ಮೂಲಕ ನಾವೇ ಕೊಡಬೇಕಾಗುತ್ತದೆ.

ಗುರುತುಗಳನ್ನು ಓದುವುದು

ಇಷ್ಟಾದರೂ ಗೂಟ ಇಳಿಯದಿದ್ದರೆ ಅರದಿಂದ ಉಜ್ಜುವ ಮೊದಲು ಗೂಟಕ್ಕೆ ಮಾರ್ಕರಿನ ಶಾಯಿ ಬಳಿದು ಒಮ್ಮೆ ಒತ್ತಿ ತೆಗೆಯಬೇಕು. ಸುತ್ತಲೂ ಶಾಯಿ ಉಜ್ಜಿಹೋಗಿದ್ದರೆ ರಂಧ್ರ ಕಿರಿದು. ಒಂದೇ ಲಂಬ ಗೆರೆಯಲ್ಲಿ ಉಜ್ಜಿದ್ದರೆ ಅದು ಕೂಡುಗೆರೆಯ ಕೆಲಸ. ಆ ಗೆರೆಯನ್ನು ಚಾಕುವಿನಿಂದ ಕೆರೆದರೆ ಸಾಕು, ಅಳತೆಯನ್ನು ಬದಲಿಸಬೇಕಿಲ್ಲ. ಎಲ್ಲ ಗೂಟಗಳೂ ಒಳಮುಖವಾದ ಬದಿಯಲ್ಲಿಯೇ ಉಜ್ಜಿದ್ದರೆ ಗೂಟಗಳ ನಡುವಿನ ದೂರ ಹೆಚ್ಚು, ಹೊರಮುಖದಲ್ಲಿ ಉಜ್ಜಿದ್ದರೆ ಕಡಿಮೆ ಎಂದು ಹೇಳುವುದು ಅವಸರವಾದೀತು, ಏಕೆಂದರೆ ಫಲ ಇದಕ್ಕೆ ವಿರುದ್ಧ: ದೂರ ಕಡಿಮೆಯಾದ ಗೂಟಗಳು ರಂಧ್ರದ ಒಳಗೋಡೆಗೆ, ಅಂದರೆ ಒಂದು ಇನ್ನೊಂದರ ಕಡೆಗಿರುವ ಗೋಡೆಗೆ, ತಾಗುತ್ತವೆ. ಆದ್ದರಿಂದ ಒಳಮುಖದ ಗುರುತು ಕುಗ್ಗುವಿಕೆಯ ಗುರುತು. ಗೂಟವು ರಂಧ್ರದ ಬಾಯಿಯಲ್ಲಿಯೇ ತಡೆದು, ಬಲವಾಗಿ ಒತ್ತಿದಾಗ ಮುಂದೆ ಸಲೀಸಾಗಿ ಹೋದರೆ, ಮೊದಲ ಪದರವು ಬಿಸಿ ಹಾಸಿನ ಮೇಲೆ ಒತ್ತಿ ಹರಡಿ ರಂಧ್ರದ ಅಂಚಿನಲ್ಲಿ ತುಟಿ ಕಟ್ಟಿದೆ ಎಂದು ತಿಳಿಯಬೇಕು. ರಂಧ್ರದ ಬಾಯಿಗೆ ಅರ್ಧ ಮಿ.ಮೀ. ಇಳಿಜಾರು ಅಂಚನ್ನು ನಕ್ಷೆಯಲ್ಲಿಯೇ ಕೊಟ್ಟರೆ ಈ ತೊಂದರೆ ಇರುವುದಿಲ್ಲ.

ಜೂನಿನಿಂದ ಸೆಪ್ಟೆಂಬರಿನವರೆಗಿನ ಮುಂಬಯಿಯ ಮಳೆಗಾಲದಲ್ಲಿ ಮಾತ್ರ ಕಾಣುವ ಗುರುತೊಂದಿದೆ. ತಂತುವು ತೇವವನ್ನು ಹೀರಿಕೊಂಡಿದ್ದರೆ ನಳಿಕೆಯಲ್ಲಿ ಆ ನೀರು ಹಬೆಯಾಗಿ ಚಿಟಚಿಟನೆ ಸದ್ದು ಕೇಳಿಸುತ್ತದೆ. ಗೂಟದ ಮೈ ಒರಟಾಗಿ, ರಂಧ್ರದೊಳಗೆ ಜೇಡನ ಎಳೆಗಳಂತೆ ನೂಲುಗಳು ಹರಡುತ್ತವೆ. ಮೇ ತಿಂಗಳಲ್ಲಿ ಸರಿಯಾಗಿದ್ದ 6.6ರ ಲೆಕ್ಕ ಜುಲೈಯಲ್ಲಿ ತಪ್ಪಿದಂತೆ ತೋರುತ್ತದೆ. ಆಗ ತಿದ್ದಬೇಕಾದುದು ಅಳತೆಯನ್ನಲ್ಲ, ತಂತುವನ್ನು. ಎ.ಬಿ.ಎಸ್. ಆದರೆ 70 ಡಿಗ್ರಿಯ ಸುಮಾರಿನಲ್ಲಿ, ಪಿ.ಎಲ್.ಎ. ಆದರೆ 45ರಿಂದ 50 ಡಿಗ್ರಿಯಲ್ಲಿ ನಾಲ್ಕಾರು ಗಂಟೆ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಬೇಕು.

ತೆರಪೇ ಇಲ್ಲದೆ ಬಿಗಿಯಾಗಿ ಬಡಿದು ಕೂರಿಸುವ ಗೂಟವನ್ನು ಕೆಲವರು ತಿರುಪಿನ ಬದಲಿಗೆ ಬಳಸುತ್ತಾರೆ. ಮೊದಲ ದಿನ ಅದು ಭದ್ರವಾಗಿಯೇ ಇರುತ್ತದೆ. ಆದರೆ ಸತತ ಒತ್ತಡದಲ್ಲಿರುವ ಪ್ಲಾಸ್ಟಿಕ್ ದಿನ ಕಳೆದಂತೆ ಮಣಿಯುತ್ತ ಬಿಗಿತವನ್ನು ಕಳೆದುಕೊಳ್ಳುತ್ತದೆ. ಸೆಕೆಯಿರುವ ಪಂಪಿನ ಕೋಣೆಯಲ್ಲಿ, ಅದೂ ಪಿ.ಎಲ್.ಎ. ಆಗಿದ್ದರೆ, ಇದು ಇನ್ನೂ ಬೇಗ. ಪಂಪಿನ ಅದುರಿಗೆ ಮುಚ್ಚಳ ಒಂದು ದಿನ ಕಳಚಿ ಬೀಳುತ್ತದೆ. ಅಂತಹ ಕಡೆ ಗೂಟಗಳು ಸ್ಥಾನವನ್ನು ಹಿಡಿಯಲಿ. ಬಿಗಿಯನ್ನು ಹಿಡಿಯಲು ಎರಡು ತಿರುಪುಗಳನ್ನು ಹಾಕಬೇಕು.